ಎತ್ತಿನ ಹಲ್ಲು ನೋಡುವವರು ಕಂಪನಿಯ ವಯಸ್ಸನ್ನೂ ನೋಡಲಿ

ಕಡಕನಾಥ ಕೋಳಿ ಮಧ್ಯಪ್ರದೇಶದ ಝಾಬುವಾ ಕಡೆಯದು. ಅದರ ಪುಕ್ಕ ಕಪ್ಪು, ಮಾಂಸವೂ ಕಪ್ಪು. ಝಾಬುವಾದ ಆ ಕಪ್ಪು ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೋಳಿಯದೇನೂ ತಪ್ಪಿಲ್ಲ. ಆದರೆ ಮರುವರ್ಷವೇ, 2019ರ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಸಾಂಗಲಿ, ಕೊಲ್ಹಾಪುರ, ಸಾತಾರಾ ಜಿಲ್ಲೆಗಳ ರೈತರು ಆ ಕೋಳಿಯನ್ನು ಹಿಡಿದುಕೊಂಡು ಪೊಲೀಸ್ ಠಾಣೆಯ ಬಾಗಿಲಿಗೆ ಹೋಗಬೇಕಾಯಿತು. ಸಾಂಗಲಿ ಜಿಲ್ಲೆಯ ಇಸ್ಲಾಮಪುರದ ಮಹಾ ರಯತ್ ಅಗ್ರೋ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿ ಇವರಿಂದ ಮುಂಗಡ ರೊಕ್ಕ ಕಟ್ಟಿಸಿಕೊಂಡು ಮರಿ ಕೊಟ್ಟಿತ್ತು. ಮೊಟ್ಟೆಯನ್ನೂ ಬೆಳೆದ ಕೋಳಿಯನ್ನೂ ಒಳ್ಳೆ ದರಕ್ಕೆ ತಾನೇ ವಾಪಸು ಕೊಳ್ಳುತ್ತೇನೆ ಅಂದಿತ್ತು. ಕೊಳ್ಳುವುದು ನಿಂತಿತು. ಕೊಟ್ಟಿಗೆಯಲ್ಲಿ ಕೋಳಿ ಉಳಿದವು, ಮನೆಯಲ್ಲಿ ಸಾಲ ಉಳಿಯಿತು. ಮೋಸದ ಆರೋಪದ ಕೇಸುಗಳು ಹಲವು ಜಿಲ್ಲೆಗಳಲ್ಲಿ ದಾಖಲಾದವು.

ಈ ಪ್ರಕರಣವನ್ನು ಇವತ್ತು ಮತ್ತೆ ಎತ್ತಲು ಕಾರಣವಿದೆ. ಆಗ ರೊಕ್ಕ ಕಟ್ಟಿದವರೆಲ್ಲ ಕಣ್ಣು ಮುಚ್ಚಿ ಕಟ್ಟಿದವರಲ್ಲ. ಕಂಪನಿ ರಿಜಿಸ್ಟರ್ ಆಗಿತ್ತು. ಹೇಳಿದ ಊರಿನಲ್ಲಿ ಕಚೇರಿ ಇತ್ತು. ಮರಿಗಳೂ ಬಂದವು. ಹಂಗಾದರೆ ಇನ್ನೇನು ನೋಡಬೇಕಿತ್ತು ಅಂತ ಕೇಳುವವರು ಇದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇಷ್ಟು: ಕಾಗದ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು. ಕಂಪನಿ ತನ್ನ ಬಾಯಿಂದ ಹೇಳುವ ಮಾತನ್ನೂ ಸರ್ಕಾರದ ದಾಖಲೆ ಹೇಳುವ ಮಾತನ್ನೂ ಅಕ್ಕಪಕ್ಕ ಇಟ್ಟು, ಎರಡೂ ಕೂಡುತ್ತವೆಯೋ ಎಂದು ನೋಡಬೇಕು.

ದನದ ಸಂತೆಯಲ್ಲಿ ನಾವು ಮಾಡುವುದು ಇದನ್ನೇ ಅಲ್ಲವೇ? ಮಾರುವವ ನಾಲ್ಕು ಹಲ್ಲಿನ ಹೋರಿ ಅನ್ನುತ್ತಾನೆ. ನಾವು ಅವನ ಮಾತಿಗೆ ತಲೆಯಾಡಿಸುತ್ತಲೇ ಹೋರಿಯ ತುಟಿ ಎತ್ತಿ ನೋಡುತ್ತೇವೆ. ಬಾಯಿಗೂಡಿದ ಎತ್ತನ್ನು ನಾಲ್ಕು ಹಲ್ಲಿನದು ಅಂತ ನಮಗೆ ಯಾರೂ ಮಾರಲಾರರು. ಕಂಪನಿಗೂ ಹಲ್ಲು ಇವೆ. ಅವನ್ನು ಎಣಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಲೆಕ್ಕ ತಿಳಿಯಲು ಒಂದು ಕಲ್ಪಿತ ಕರಪತ್ರ ಇಟ್ಟುಕೊಳ್ಳೋಣ. ಇದು ಯಾವ ನಿಜವಾದ ಕಂಪನಿಯದೂ ಅಲ್ಲ. ಗಡಹಿಂಗ್ಲಜದ ಪೇಟೆಯಲ್ಲಿ ಒಬ್ಬ ರೈತನ ಕೈಗೆ ಅದು ಬಂತು ಅನ್ನಿ. ಅದರಲ್ಲಿ ಹೀಗಿದೆ: "25 ವರ್ಷಗಳ ಅನುಭವ. ಕೊಲ್ಹಾಪುರದ ಶಾಹುಪುರಿಯಲ್ಲಿ ಕೇಂದ್ರ ಕಚೇರಿ. ಸರ್ಕಾರಿ ಮಾನ್ಯತೆ ಪಡೆದ ಪ್ರೈವೇಟ್ ಲಿಮಿಟೆಡ್ ಕಂಪನಿ. ಈಗಾಗಲೇ 1,000 ರೈತರು ಸೇರಿದ್ದಾರೆ. 60,000 ರೂಪಾಯಿ ಕಟ್ಟಿ, ಮರಿ ಒಯ್ಯಿರಿ, ತಿಂಗಳಿಗೆ 8,000 ರೂಪಾಯಿ ಖಚಿತ." ಕೆಳಗೆ ಒಂದು ವೆಬ್‌ಸೈಟ್ ಹೆಸರು, ಒಂದು ಮೊಬೈಲ್ ನಂಬರು.

ಮೊದಲು ಕೇಳಬೇಕಾದದ್ದು ಸಿಐಎನ್ ನಂಬರು. ಪ್ರತಿ ಕಂಪನಿಗೂ ನೋಂದಣಿಯಾದಾಗ 21 ಅಕ್ಷರ ಅಂಕಿಗಳ ಒಂದು ಗುರುತು ಸಿಗುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಯ ಬಿಲ್ಲು, ಲೆಟರ್‌ಹೆಡ್‌ಗಳ ಮೇಲೆ ಹೆಸರು, ನೋಂದಾಯಿತ ಕಚೇರಿಯ ವಿಳಾಸಗಳ ಜೊತೆಗೆ ಈ ನಂಬರು ಇರಲೇಬೇಕು. ಹಾಗಾಗಿ ಕೇಳಲು ಸಂಕೋಚ ಬೇಡ. "ಅದೆಲ್ಲ ಹೆಡ್ ಆಫೀಸಿನಲ್ಲಿದೆ, ಆಮೇಲೆ ಕೊಡ್ತೀವಿ" ಅಂದರೆ, ನಮ್ಮ ರೊಕ್ಕವೂ ಆಮೇಲೆಯೇ ಹೋಗಲಿ. ನಮ್ಮ ಕಲ್ಪಿತ ಕಂಪನಿ ನಂಬರು ಕೊಟ್ಟಿತು ಅನ್ನೋಣ:

```
U70200PN2023PTC000000
```

ಇದನ್ನು ಓದುವುದು ಏಳು ಬಾರಾ ಉತಾರ ಓದುವುದಕ್ಕಿಂತ ಸುಲಭ. ಮೊದಲ ಅಕ್ಷರ U ಎಂದರೆ ಶೇರು ಪೇಟೆಯಲ್ಲಿ ಇಲ್ಲದ ಕಂಪನಿ. ಪೇಟೆಯಲ್ಲಿ ಇದ್ದರೆ L ಇರುತ್ತಿತ್ತು. ಮುಂದಿನ ಐದು ಅಂಕಿ ಉದ್ಯೋಗದ ಗುರುತು. ಆಮೇಲೆ ಎರಡು ಅಕ್ಷರ ರಾಜ್ಯದ ಗುರುತು. ಕರ್ನಾಟಕಕ್ಕೆ KA. ಮಹಾರಾಷ್ಟ್ರಕ್ಕೆ MH, ಆದರೆ ಪುಣೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾದ ಕೊಲ್ಹಾಪುರ, ಸಾಂಗಲಿ ಕಡೆಯ ಕಂಪನಿಗಳಿಗೆ ಸಾಮಾನ್ಯವಾಗಿ PN ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆಮೇಲಿನ ನಾಲ್ಕು ಅಂಕಿ ಹುಟ್ಟಿದ ವರ್ಷ. PTC ಎಂದರೆ ಪ್ರೈವೇಟ್ ಕಂಪನಿ. ಕಡೆಯ ಆರು ಅಂಕಿ ನೋಂದಣಿ ಸಂಖ್ಯೆ.

ಈಗ ಕರಪತ್ರದ ಪಕ್ಕದಲ್ಲಿ ಇಡಿ. ಕರಪತ್ರ 25 ವರ್ಷದ ಅನುಭವ ಅನ್ನುತ್ತದೆ, ನಂಬರು 2023ರಲ್ಲಿ ಹುಟ್ಟಿದೆ ಅನ್ನುತ್ತದೆ. ಕರಪತ್ರ ಕೋಳಿ ಸಾಕಣೆ ಅನ್ನುತ್ತದೆ. ಉದ್ಯೋಗದ ಗುರುತು 70200 ಅಂದರೆ ವ್ಯವಹಾರದ ಸಲಹೆ ಕೊಡುವ ಕೆಲಸ. ಕೋಳಿ ಸಾಕಣೆಗೆ 0146ರಿಂದ ಶುರುವಾಗುವ ಬೇರೆ ಗುರುತು ಇದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಹಳೆಯ ಪಾಲುದಾರಿಕೆ ಸಂಸ್ಥೆಯೊಂದು ನಿನ್ನೆ ಮೊನ್ನೆ ಕಂಪನಿಯಾಗಿ ಬದಲಾಗಿದ್ದರೆ ಅದರ ನಂಬರಿನಲ್ಲೂ ಹೊಸ ವರ್ಷವೇ ಇರುತ್ತದೆ. ಉದ್ಯೋಗದ ಗುರುತನ್ನೂ ಎಷ್ಟೋ ಜನ ನೋಂದಣಿಯ ದಿನ ಹಾಕಿಸಿದ್ದು ಹಾಗೇ ಬಿಟ್ಟಿರುತ್ತಾರೆ. ಆದ್ದರಿಂದ ಇದು ತೀರ್ಪಲ್ಲ, ಪ್ರಶ್ನೆ. "2023ಕ್ಕೆ ಮೊದಲು ಯಾವ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದಿರಿ? ಆ ಕಾಲದ ಒಂದು ಬಿಲ್ಲು, ಒಂದು ತೆರಿಗೆ ಕಾಗದ ತೋರಿಸಿರಿ" ಅಂತ ಕೇಳಿರಿ. ನಿಜವಾಗಿ 25 ವರ್ಷ ವ್ಯಾಪಾರ ಮಾಡಿದವರ ಕಪಾಟಿನಲ್ಲಿ ಹಳೆ ಕಾಗದಕ್ಕೆ ಬರ ಇರುವುದಿಲ್ಲ.

ಎರಡನೆಯ ಹೆಜ್ಜೆ, ಅವರು ಕೊಟ್ಟ ನಂಬರು ನಿಜವೋ ಎಂದು ನೋಡುವುದು. ಕೇಂದ್ರ ಕಂಪನಿ ವ್ಯವಹಾರ ಸಚಿವಾಲಯದ mca.gov.in ನಲ್ಲಿ View Company or LLP Master Data ಎಂಬಲ್ಲಿ ಹೆಸರು ಇಲ್ಲವೆ ನಂಬರು ಹಾಕಿದರೆ ಕಂಪನಿಯ ಮೂಲ ದಾಖಲೆ ಬರುತ್ತದೆ. ಮೊದಲು ಲಾಗಿನ್ ಮಾಡಿಕೊಳ್ಳಿ ಅಂತ ಕೇಳಬಹುದು. ಇದಕ್ಕೆ ಶುಲ್ಕವಿಲ್ಲ. ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಹತ್ತು ನಿಮಿಷದ ಕೆಲಸ. ಗೂಗಲಿನಲ್ಲಿ ಮೊದಲು ಬರುವ ಖಾಸಗಿ ತಾಣಗಳ ಮಾಹಿತಿ ಹಳೆಯದಿರಬಹುದು, ಸರ್ಕಾರದ ತಾಣವನ್ನೇ ನೋಡುವುದು ಒಳ್ಳೆಯದು.

ಅಲ್ಲಿ ನಾಲ್ಕು ಸಾಲು ಸಾಕು. Date of Incorporation ಎಂದರೆ ಹುಟ್ಟಿದ ದಿನ. Company Status ಎದುರಿಗೆ Active ಇರಬೇಕು. Strike Off ಇದ್ದರೆ ಆ ಕಂಪನಿಯ ಹೆಸರನ್ನು ರಿಜಿಸ್ಟರಿನಿಂದ ಹೊಡೆದು ಹಾಕಲಾಗಿದೆ. ಮೂರನೆಯದು Paid up Capital, ಶೇರುದಾರರು ನಿಜವಾಗಿ ಹಾಕಿದ ಬಂಡವಾಳ. ಪಕ್ಕದಲ್ಲೇ ಇರುವ Authorised Capital ಬರೀ ಮಿತಿ, ಅಷ್ಟರವರೆಗೆ ಹಾಕಬಹುದು ಎಂಬ ಅನುಮತಿ. ಅದನ್ನೇ ದೊಡ್ಡದಾಗಿ ತೋರಿಸಿ "ನಮ್ಮದು 10 ಕೋಟಿ ಕಂಪನಿ" ಅನ್ನುವವರಿದ್ದಾರೆ. ನಾಲ್ಕನೆಯದು ಕೊನೆಯ ಆಯವ್ಯಯ ಪಟ್ಟಿಯ ದಿನಾಂಕ, Date of Balance Sheet. ಕಂಪನಿಗಳು ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಎರಡು ಮೂರು ವರ್ಷದಿಂದ ಆ ದಿನಾಂಕ ಮುಂದೆ ಹೋಗಿಲ್ಲವೆಂದರೆ, ಸರ್ಕಾರಕ್ಕೆ ಲೆಕ್ಕ ಕೊಡದವರು ನಮಗೆ ಕೊಡುತ್ತಾರೆಯೇ?

ನಮ್ಮ ಕಲ್ಪಿತ ಕಂಪನಿಯ ದಾಖಲೆಯಲ್ಲಿ ಹಾಕಿದ ಬಂಡವಾಳ 1 ಲಕ್ಷ ರೂಪಾಯಿ ಅನ್ನೋಣ. ಸಣ್ಣ ಬಂಡವಾಳ ಅಪರಾಧವಲ್ಲ. 2015ರಿಂದ ಪ್ರೈವೇಟ್ ಕಂಪನಿಗೆ ಕನಿಷ್ಠ ಬಂಡವಾಳದ ಕಟ್ಟಳೆಯೂ ಇಲ್ಲ, ಎಷ್ಟೋ ಪ್ರಾಮಾಣಿಕರು ಅಷ್ಟರಲ್ಲೇ ಶುರು ಮಾಡುತ್ತಾರೆ. ಆದರೆ ಇದನ್ನೂ ಮಾತಿನ ಪಕ್ಕದಲ್ಲಿ ಇಟ್ಟು ನೋಡಬೇಕು. 1,000 ರೈತರಿಗೆ ತಿಂಗಳಿಗೆ 8,000 ಅಂದರೆ 80 ಲಕ್ಷ. 1 ಲಕ್ಷದ ಕಂಪನಿ ತಿಂಗಳಿಗೆ 80 ಲಕ್ಷ ಎಲ್ಲಿಂದ ತರುತ್ತದೆ? ಮೊಟ್ಟೆ ಮಾರಿ ತರುತ್ತೇನೆ ಅಂದರೆ, ಯಾರಿಗೆ, ಎಷ್ಟು ದರಕ್ಕೆ ಮಾರಿದಿರಿ ಅನ್ನುವುದು ಅದರ ಆಯವ್ಯಯ ಪಟ್ಟಿಯಲ್ಲಿ ಮಾರಾಟದ ಮೊತ್ತವಾಗಿ ಕಾಣಬೇಕು. ಸಚಿವಾಲಯದ ಅದೇ ತಾಣದಲ್ಲಿ 100 ರೂಪಾಯಿ ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ಸಾರ್ವಜನಿಕ ಕಾಗದಗಳನ್ನು ತೆರೆದು ನೋಡಬಹುದು. 60,000 ಕೊಡುವ ಮುಂಚೆ 100 ರೂಪಾಯಿ ಹೆಚ್ಚೇನಲ್ಲ. ಆ ಪಟ್ಟಿ ಅರ್ಥವಾಗದಿದ್ದರೆ ಊರಿನ ಲೆಕ್ಕಪರಿಶೋಧಕರ ಮುಂದೆ ಇಟ್ಟು "ಇವರು ಕಳೆದ ವರ್ಷ ಎಷ್ಟು ಮಾಲು ಮಾರಿದ್ದಾರೆ" ಎಂಬ ಒಂದೇ ಪ್ರಶ್ನೆ ಕೇಳಿರಿ.

ಮಾರಾಟವೇ ಇಲ್ಲದಿದ್ದರೆ ರೊಕ್ಕ ಬರುವ ದಾರಿ ಒಂದೇ. ಹೊಸದಾಗಿ ಸೇರಿದ ಒಬ್ಬನ 60,000 ರೂಪಾಯಿಯಿಂದ ಹಳಬನೊಬ್ಬನಿಗೆ 8,000ದಂತೆ ಏಳೂವರೆ ತಿಂಗಳು ಕೊಡಬಹುದು. ಹೊಸಬರು ಬರುವವರೆಗೆ ಹಳಬರಿಗೆ ರೊಕ್ಕ ಸರಿಯಾಗಿ ಬರುತ್ತದೆ. ಹೊಸಬರು ನಿಂತ ತಿಂಗಳು ಎಲ್ಲವೂ ನಿಲ್ಲುತ್ತದೆ. ಆದ್ದರಿಂದ "ನಮ್ಮ ಬೀಗರಿಗೆ ಆರು ತಿಂಗಳಿಂದ ತಪ್ಪದೆ ಬರಾಕತ್ತದ" ಅನ್ನುವ ಸಾಕ್ಷಿ ಸುಳ್ಳಲ್ಲದಿದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಯೋಜನೆಗಳು ಹರಡುವುದೇ ಬೀಗರು, ಗೆಳೆಯರ ಈ ನಿಜವಾದ ಸಾಕ್ಷಿಯಿಂದ.

ಇಲ್ಲಿಯೇ "ಸರ್ಕಾರಿ ಮಾನ್ಯತೆ" ಎಂಬ ಮಾತನ್ನೂ ಬಿಡಿಸಿ ನೋಡೋಣ. ಕಂಪನಿಯ ನೋಂದಣಿ ಪತ್ರ ಜನನ ಪತ್ರವಿದ್ದ ಹಾಗೆ. ಮಗು ಹುಟ್ಟಿದೆ ಎಂದು ಅದು ಹೇಳುತ್ತದೆ, ಗುಣದ ಬಗ್ಗೆ ಏನೂ ಹೇಳುವುದಿಲ್ಲ. ಉದ್ಯಮ್ ನೋಂದಣಿಯನ್ನು 2020ರಿಂದ ಯಾರು ಬೇಕಾದರೂ ತಮ್ಮದೇ ಹೇಳಿಕೆಯ ಮೇಲೆ ಪುಕ್ಕಟೆ ಮಾಡಿಸಿಕೊಳ್ಳಬಹುದು. ಮಹಾರಾಷ್ಟ್ರದ ಗುಮಾಸ್ತಾ ಕಾಗದ ಅಂಗಡಿ ತೆರೆದ ಸುದ್ದಿ ತಿಳಿಸುವ ಕಾಗದ. ಇವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗು ಹಾಕಿದ್ದಾರೆಂದು ಸರ್ಕಾರ ಜಾಮೀನು ನಿಂತಂತಲ್ಲ. ಜನರಿಂದ ಠೇವಣಿ ತೆಗೆದುಕೊಳ್ಳಲು ಬೇರೆಯೇ ಅಧಿಕಾರ ಬೇಕು. ಕಾಯ್ದೆಯಂತೆ ಪ್ರೈವೇಟ್ ಕಂಪನಿಯು ಹೊರಗಿನ ಸಾರ್ವಜನಿಕರಿಂದ ಠೇವಣಿ ಎತ್ತುವಂತಿಲ್ಲ. ಎಂದರೆ ಹೆಸರಿನ ಕೊನೆಯಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿರುವವರು "ರೊಕ್ಕ ಇಡಿ, ತಿಂಗಳಿಗೆ ಇಷ್ಟು ಖಚಿತ" ಎಂದು ಊರೂರು ಸುತ್ತುತ್ತಿದ್ದರೆ, ಅವರ ಹೆಸರೇ ಅವರ ವಿರುದ್ಧ ಸಾಕ್ಷಿ. ಕೋಳಿಯೋ ಮೇಕೆಯೋ ಗಿಡವೋ ನಡುವೆ ಇಟ್ಟು ಅದನ್ನು ವ್ಯಾಪಾರದಂತೆ ತೋರಿಸುವುದು ಈ ಕಾರಣಕ್ಕೇ.

ಎಲ್‌ಎಲ್‌ಪಿ ಎಂಬ ಹೆಸರಿದ್ದರೂ ಇದೇ ಮಾತು. ಬೆಂಗಳೂರಿನಲ್ಲಿ 2019ರಲ್ಲಿ ಮುಳುಗಿದ ಐಎಂಎ ಜನರ ರೊಕ್ಕವನ್ನು ಎಲ್‌ಎಲ್‌ಪಿಯ ಪಾಲು ಎಂದು ತೋರಿಸಿ ತೆಗೆದುಕೊಂಡಿತ್ತು. ಕೊಲ್ಹಾಪುರದಲ್ಲಿ 2022ರಲ್ಲಿ ಕೇಸು ದಾಖಲಾದ ಎ.ಎಸ್. ಟ್ರೇಡರ್ಸ್ ಅಂಡ್ ಡೆವಲಪರ್ಸ್ ಕೂಡ ಎಲ್‌ಎಲ್‌ಪಿಯೇ. ಠೇವಣಿ ಎತ್ತುವ ಅಧಿಕಾರ ಯಾರಿಗಿದೆ ಎಂದು ರಿಸರ್ವ್ ಬ್ಯಾಂಕಿನ sachet.rbi.org.in ನಲ್ಲಿ ನೋಡಬಹುದು, ಅನುಮಾನ ಬಂದರೆ ಅಲ್ಲೇ ದೂರನ್ನೂ ಕೊಡಬಹುದು.

ಇನ್ನು ವಿಳಾಸ. ಸಚಿವಾಲಯದ ದಾಖಲೆಯಲ್ಲಿ ನೋಂದಾಯಿತ ಕಚೇರಿಯ ವಿಳಾಸ ಇರುತ್ತದೆ. ಅದನ್ನು ಕರಪತ್ರದ ವಿಳಾಸ, ಬಿಲ್ಲಿನ ವಿಳಾಸಗಳ ಜೊತೆ ಸಾಲಾಗಿ ಬರೆದುಕೊಳ್ಳಿರಿ. ಪಿನ್ ಕೋಡನ್ನೂ ಬಿಡಬೇಡಿ. ಗಡಹಿಂಗ್ಲಜ 416502, ಇಚಲಕರಂಜಿ 416115. ಊರು ಒಂದು, ಪಿನ್ ಇನ್ನೊಂದು ಆಗಿದ್ದರೆ ಬರೆದವರಿಗೆ ಆ ಊರೇ ಗೊತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಎರಡು ವಿಳಾಸ ಬೇರೆ ಬೇರೆ ಇದ್ದ ಮಾತ್ರಕ್ಕೆ ಮೋಸವಲ್ಲ. ನೋಂದಾಯಿತ ಕಚೇರಿ ಮಾಲೀಕರ ಮನೆಯಲ್ಲಿದ್ದು, ಕಾರ್ಖಾನೆ ಶಿರೋಳಿಯಲ್ಲೋ ಗೋಕುಳ ಶಿರಗಾಂವದಲ್ಲೋ ಇರುವುದು ಸಾಮಾನ್ಯ. ಆದರೆ ಎರಡೂ ಜಾಗ ಕಣ್ಣಿಗೆ ಕಾಣಬೇಕು.

ನಮ್ಮ ಪುಣ್ಯಕ್ಕೆ ಗಡಿಯವರಿಗೆ ಕೊಲ್ಹಾಪುರ ದೂರವಲ್ಲ. ಬಸ್ಸು ಹತ್ತಿ ಹೋಗಿ ನೋಡಿ ಬರಬೇಕು, ಅದೂ ಹೇಳದೆ ಹೋಗಬೇಕು, ಮತ್ತು ಕೆಲಸದ ದಿನ ಹೋಗಬೇಕು. ಕಾರ್ಯಕ್ರಮದ ದಿನ ಹೋದರೆ ಮಂಟಪ ಕಾಣುತ್ತದೆ, ಕಚೇರಿ ಕಾಣುವುದಿಲ್ಲ. ಒಳಗೆ ಕುರ್ಚಿ ಮೇಜಿನ ಅಂದ ನೋಡುವುದಕ್ಕಿಂತ ಹೊರಗೆ ಚಹಾದ ಅಂಗಡಿಯವನನ್ನು ಕೇಳುವುದು ಮೇಲು: ಈ ಫಲಕ ಎಂದಿನಿಂದ ಇದೆ, ಮಾಲು ತುಂಬಿದ ಗಾಡಿ ಬರುತ್ತದೆಯೇ, ಜಾಗ ಸ್ವಂತದ್ದೋ ಬಾಡಿಗೆಯೋ? 25 ವರ್ಷದ ಕಂಪನಿ ಅನ್ನುವವರ ಫಲಕ ಆರು ತಿಂಗಳ ಹಿಂದೆ ಬಂದದ್ದಾದರೆ ಅವನಿಗೆ ಗೊತ್ತಿರುತ್ತದೆ. ಕೋಳಿ ಕಂಪನಿಯಾದರೆ ಕಚೇರಿಗಿಂತ ಮೊದಲು ಮರಿ ಮಾಡುವ ಹ್ಯಾಚರಿ, ಮೊಟ್ಟೆ ಇಡುವ ಗೋದಾಮು, ಮೊಟ್ಟೆ ಕೊಳ್ಳುವ ಪೇಟೆಯವನನ್ನು ನೋಡಬೇಕು. ಮೋಸದ ಕಂಪನಿ ರೊಕ್ಕ ಕಟ್ಟಿಸಿಕೊಳ್ಳುವ ಜಾಗವನ್ನು ಚೆನ್ನಾಗಿ ಸಿಂಗರಿಸಿರುತ್ತದೆ. ಮಾಲು ಮಾರುವ ಜಾಗ ತೋರಿಸಿರಿ ಅಂದಾಗ ಅದಕ್ಕೆ ಕಷ್ಟವಾಗುತ್ತದೆ.

ಹೋಗಿ ನೋಡಲು ಆಗದಷ್ಟು ದೂರದ ವ್ಯಾಪಾರವೂ ಇರುತ್ತದೆ. ಇಚಲಕರಂಜಿಯ ಮಗ್ಗದವರನ್ನೇ ತೆಗೆದುಕೊಳ್ಳಿ. ತಮಿಳುನಾಡಿನ ಗಿರಣಿಯವರು ಅಂತ ಒಬ್ಬರು ಮೊಬೈಲಿನಲ್ಲಿ ನೂಲಿನ ದರ ಕಳಿಸುತ್ತಾರೆ. ದರ ಪೇಟೆಗಿಂತ ಕಡಿಮೆ, ಮುಂಗಡ ಕಳಿಸಿದರೆ ನಾಳೆಯೇ ಗಾಡಿ ಹೊರಡುತ್ತದೆ ಅನ್ನುತ್ತಾರೆ. ಇಲ್ಲಿ ಜಿಎಸ್‌ಟಿ ನಂಬರು ನಮ್ಮ ಕೈಗೆ ಸಿಗುವ ಒಳ್ಳೆಯ ಸಾಧನ. ಅದರಲ್ಲಿ 15 ಅಕ್ಷರ ಅಂಕಿಗಳಿವೆ. ಮೊದಲ ಎರಡು ಅಂಕಿ ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29, ತಮಿಳುನಾಡು 33. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್ ನಂಬರು. ಆ ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಬಹಳ ಮಾತಾಡುತ್ತದೆ. C ಇದ್ದರೆ ಕಂಪನಿ, F ಇದ್ದರೆ ಪಾಲುದಾರಿಕೆ ಇಲ್ಲವೆ ಎಲ್‌ಎಲ್‌ಪಿ, P ಇದ್ದರೆ ಒಬ್ಬ ಮನುಷ್ಯನ ಸ್ವಂತ ವ್ಯಾಪಾರ. ಪ್ರೈವೇಟ್ ಲಿಮಿಟೆಡ್ ಗಿರಣಿ ಎಂದು ಹೇಳಿಕೊಂಡು P ಇರುವ ನಂಬರು ಕೊಟ್ಟರೆ ಮಾತು ಅಲ್ಲೇ ನಿಲ್ಲಲಿ.

gst.gov.in ನಲ್ಲಿ Search Taxpayer ಎಂಬಲ್ಲಿ ಆ ನಂಬರು ಹಾಕಿದರೆ ಕಾನೂನಿನ ಹೆಸರು, ವ್ಯಾಪಾರದ ಜಾಗ, ನೋಂದಣಿಯ ದಿನ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಬರುತ್ತದೆ. ತಿಂಗಳ ರಿಟರ್ನುಗಳನ್ನು ಸಲ್ಲಿಸಿದ ಪಟ್ಟಿಯನ್ನೂ ನೋಡಬಹುದು. ನೋಂದಣಿ ದಿನ 01/07/2017 ಎಂದಿದ್ದರೆ ಅದು ಜಿಎಸ್‌ಟಿ ಶುರುವಾದ ದಿನ. ಹಳೆಯ ವ್ಯಾಪಾರಿಗಳೆಲ್ಲ ಅದೇ ದಿನಾಂಕ ಹೊತ್ತಿರುತ್ತಾರೆ, ಅದರಿಂದ ಅವರ ನಿಜವಾದ ವಯಸ್ಸು ತಿಳಿಯದು. ಆದರೆ ಎರಡು ತಿಂಗಳ ಹಿಂದಿನ ದಿನಾಂಕವಿದ್ದು ಬಾಯಲ್ಲಿ ಮೂವತ್ತು ವರ್ಷದ ಗಿರಣಿ ಎಂದಿದ್ದರೆ ಉತ್ತರ ಸಿಕ್ಕಂತೆ.

ಇದರಲ್ಲಿ ಒಂದು ಕಳ್ಳದಾರಿ ಇದೆ, ಅದನ್ನು ವ್ಯಾಪಾರಸ್ಥರು ಚೆನ್ನಾಗಿ ತಿಳಿಯಬೇಕು. ಮೋಸಗಾರ ತನ್ನದೇ ನಂಬರು ಕೊಡುವುದಿಲ್ಲ. ಒಳ್ಳೆ ಹೆಸರಿನ ಗಿರಣಿಯೊಂದರ ಹಳೆ ಬಿಲ್ಲಿನಿಂದ ಸಿಐಎನ್, ಜಿಎಸ್‌ಟಿ ನಂಬರು ಎರಡನ್ನೂ ಎತ್ತಿಕೊಂಡು, ತನ್ನ ಮೊಬೈಲ್ ನಂಬರು ಮತ್ತು ಬ್ಯಾಂಕ್ ಖಾತೆಯನ್ನು ಅದರ ಕೆಳಗೆ ಬರೆಯುತ್ತಾನೆ. ನೀವು ಪರೀಕ್ಷೆ ಮಾಡಿದರೆ ದಾಖಲೆ ಎಲ್ಲ ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಆ ಗಿರಣಿ ನಿಜ. ಮಾತಾಡುವವನು ಮಾತ್ರ ಗಿರಣಿಯವನಲ್ಲ. ಇದಕ್ಕೆ ಮದ್ದು ಎರಡು. ಅವನು ಕೊಟ್ಟ ಮೊಬೈಲಿಗೆ ಮಾಡದೆ, ಗಿರಣಿಯ ನಂಬರನ್ನು ಬೇರೆ ಕಡೆಯಿಂದ, ಹಳೆ ಗಿರಾಕಿಗಳಿಂದಲೋ ನೂಲಿನ ದಲಾಲರಿಂದಲೋ, ಪಡೆದು ಕೇಳಬೇಕು. ಮತ್ತು ರೊಕ್ಕ ಹೋಗುವ ಖಾತೆಯ ಹೆಸರು ದಾಖಲೆಯ ಕಾನೂನಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಕಂಪನಿಯ ರೊಕ್ಕ ಯಾರೋ ಒಬ್ಬರ ಸ್ವಂತ ಹೆಸರಿನ ಖಾತೆಗೆ ಅಥವಾ ಫೋನ್ ನಂಬರಿಗೆ ಹಾಕಿರಿ ಅಂದರೆ ಹಾಕಬಾರದು.

ಕೊನೆಯದು ವೆಬ್‌ಸೈಟಿನ ವಯಸ್ಸು. ವೆಬ್‌ಸೈಟಿನ ತಲೆಯ ಮೇಲೆ "1998ರಿಂದ ನಿಮ್ಮ ಸೇವೆಯಲ್ಲಿ" ಎಂದು ಬರೆದಿದ್ದರೆ ಅದು ಬರೆದವರ ಮಾತು, ನಿನ್ನೆ ರಾತ್ರಿ ಟೈಪು ಮಾಡಿದ್ದಿರಬಹುದು. ಆದರೆ ವೆಬ್‌ಸೈಟಿನ ಹೆಸರನ್ನು ಎಂದು ಕೊಂಡರು ಎಂಬ ದಿನಾಂಕ ಬೇರೆಯವರ ರಿಜಿಸ್ಟರಿನಲ್ಲಿರುತ್ತದೆ, ಅದನ್ನು ಇವರು ತಿದ್ದಲಾರರು. ಹೆಸರು .com ಎಂದು ಮುಗಿದರೆ lookup.icann.org ನಲ್ಲಿ, .in ಎಂದು ಮುಗಿದರೆ registry.in ನಲ್ಲಿ ಹುಡುಕಬೇಕು. ನಮ್ಮ ಕಲ್ಪಿತ ಕಂಪನಿಗೆ ಹೀಗೆ ಬಂತು ಅನ್ನೋಣ:

```
Creation Date: 2024-11-06
Registry Expiry Date: 2025-11-06
```

ಮೊದಲ ಸಾಲು ಹುಟ್ಟಿದ ದಿನ. ಎರಡನೆಯದು ಮುಗಿಯುವ ದಿನ. ಒಂದೇ ವರ್ಷಕ್ಕೆ ಕೊಂಡಿದ್ದಾರೆ, ಕರಪತ್ರ ಹಂಚುವ ಸ್ವಲ್ಪ ಮುಂಚೆ ಕೊಂಡಿದ್ದಾರೆ. Updated Date ಎಂಬ ಇನ್ನೊಂದು ಸಾಲು ಇರುತ್ತದೆ, ಅದನ್ನು ಹುಟ್ಟಿದ ದಿನವೆಂದು ತಿಳಿಯಬಾರದು. ಈ ಪರೀಕ್ಷೆಗೂ ಮಿತಿ ಇದೆ. ಮೂರು ತಲೆಮಾರಿನ ಬೆಲ್ಲದ ಅಡತಿಯವರು ಹೋದ ವರ್ಷವಷ್ಟೇ ವೆಬ್‌ಸೈಟ್ ಮಾಡಿಸಿರಬಹುದು, ಅವರು ಮೋಸಗಾರರಲ್ಲ. ಹೊಸ ವೆಬ್‌ಸೈಟು ಹಳೆ ಅನುಭವದ ಮಾತಿಗೆ ಕೂಡದಿದ್ದಾಗ ಮಾತ್ರ ಅನುಮಾನ. ಇನ್ನೊಂದು ಕಡೆ, ಹತ್ತು ವರ್ಷದ ಹಳೆ ಹೆಸರನ್ನು ಬೇರೆಯವರಿಂದ ಕೊಂಡು ವಯಸ್ಸು ಹೆಚ್ಚಿಸಿಕೊಳ್ಳುವವರೂ ಇದ್ದಾರೆ. ಅವರನ್ನು ಹಿಡಿಯಲು web.archive.org ಎಂಬ ಹಳೆ ಪುಟಗಳ ಸಂಗ್ರಹದಲ್ಲಿ ಅದೇ ಹೆಸರು ಹಾಕಿದರೆ, ಹಿಂದೆ ಅಲ್ಲಿ ಏನಿತ್ತು ಎಂದು ಬಹಳ ಸಲ ಕಾಣುತ್ತದೆ. ಐದು ವರ್ಷದ ಕೆಳಗೆ ಅಲ್ಲಿ ಬಟ್ಟೆ ಅಂಗಡಿ ಇದ್ದು ಈಗ ಕೋಳಿ ಕಂಪನಿ ಇದ್ದರೆ, ವಯಸ್ಸು ಎರವಲು ತಂದದ್ದು.

ಸರ್ಕಾರದ ಯೋಜನೆಯ ಹೆಸರಿನ ತಾಣಗಳಲ್ಲಿ ಈ ಎಚ್ಚರ ಇನ್ನೂ ಬೇಕು. 2019ರಲ್ಲಿ ಬಂದ ಸೌರ ಪಂಪಿನ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ತಾಣಗಳು ಎದ್ದು, ನೋಂದಣಿ ಶುಲ್ಕ ಎಂದೂ ಪಂಪಿನ ಹಣ ಎಂದೂ ರೈತರಿಂದ ರೊಕ್ಕ ಕಿತ್ತವು. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಅದರ ವಿರುದ್ಧ ಹಲವು ಸಲ ಪ್ರಕಟಣೆ ಕೊಟ್ಟಿತು. ಆ ನಕಲಿಗಳ ಹೆಸರು .com, .co.in, .org.in ಎಂದು ಮುಗಿಯುತ್ತಿದ್ದವು. ಇವನ್ನು ಯಾರು ಬೇಕಾದರೂ ಕೊಳ್ಳಬಹುದು. .gov.in ಮಾತ್ರ ಸರ್ಕಾರಕ್ಕೇ ಸಿಗುತ್ತದೆ. ಯೋಜನೆಯ ನಿಜವಾದ ತಾಣ pmkusum.mnre.gov.in. ಹಾಗೆಂದು ಎಲ್ಲ ಸರ್ಕಾರಿ ಸಂಸ್ಥೆಗೂ .gov.in ಇರುವುದಿಲ್ಲ, ಮಹಾವಿತರಣದ ತಾಣ mahadiscom.in. ಆದ್ದರಿಂದ ಮೊಬೈಲಿಗೆ ಬಂದ ಲಿಂಕು ಒತ್ತದೆ, ವಿದ್ಯುತ್ ಬಿಲ್ಲಿನ ಮೇಲೆ ಅಚ್ಚಾದ ಹೆಸರನ್ನೋ ಕಚೇರಿಯಲ್ಲಿ ಕೇಳಿದ ಹೆಸರನ್ನೋ ಕೈಯಾರೆ ಟೈಪು ಮಾಡುವುದು ಕ್ಷೇಮ.

ಈಗ ನಮ್ಮ ಕಲ್ಪಿತ ಕರಪತ್ರವನ್ನು ಒಟ್ಟು ಮಾಡಿ ನೋಡಿ. 25 ವರ್ಷ ಎಂದವರು 2023ರಲ್ಲಿ ಹುಟ್ಟಿದ್ದಾರೆ, ವೆಬ್‌ಸೈಟು 2024ರ ನವೆಂಬರಿನದು. 1 ಲಕ್ಷ ಬಂಡವಾಳದ ಮೇಲೆ ತಿಂಗಳಿಗೆ 80 ಲಕ್ಷದ ಮಾತು ಕೊಟ್ಟಿದ್ದಾರೆ. ಕಾಯ್ದೆ ಬಿಡದ ಖಚಿತ ಆದಾಯದ ಆಸೆ ತೋರಿಸಿದ್ದಾರೆ. ಒಂದೊಂದನ್ನೇ ಕೇಳಿದರೆ ಪ್ರತಿಯೊಂದಕ್ಕೂ ಒಂದು ನೆಪ ಸಿಗುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದಾಗ ನೆಪ ಕೇಳುತ್ತ ಕೂಡಬಾರದು.

ಇಷ್ಟೆಲ್ಲ ನೋಡಿ ಎಲ್ಲವೂ ಕೂಡಿದರೂ ನಷ್ಟವೇ ಆಗದು ಎಂದು ಯಾರೂ ಬರೆದುಕೊಡಲಾರರು. ದಾಖಲೆಗಳು ಹಿಂದಿನದನ್ನು ಹೇಳುತ್ತವೆ, ನಾಳೆಯ ಮನಸ್ಸನ್ನು ಹೇಳುವುದಿಲ್ಲ. ಹಾಗಾಗಿ ನಂಬಿಕೆ ಬಂದ ಮೇಲೂ ಮೊದಲ ವ್ಯವಹಾರ ಸಣ್ಣದಿರಲಿ, ಬಿಲ್ಲು ಕಂಪನಿಯ ಹೆಸರಿನಲ್ಲಿರಲಿ, ರೊಕ್ಕ ಬ್ಯಾಂಕಿನ ಮೂಲಕವೇ ಹೋಗಲಿ, ಕರಪತ್ರವನ್ನು ಬಿಸಾಡದೆ ಇಟ್ಟುಕೊಳ್ಳಿರಿ. ಮುಂದೆ ಕೇಸಾದರೆ ಮಹಾರಾಷ್ಟ್ರದಲ್ಲಿ ಠೇವಣಿದಾರರ ರಕ್ಷಣೆಗೆ 1999ರ ಕಾಯ್ದೆ ಇದೆ, ಕರ್ನಾಟಕದಲ್ಲಿ 2004ರದು ಇದೆ. ಎರಡೂ ಕೇಳುವುದು ನೀವು ರೊಕ್ಕ ಕೊಟ್ಟ ಪುರಾವೆಯನ್ನೇ. ಆನ್‌ಲೈನಿನಲ್ಲಿ ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಆದರೆ ಮುಟ್ಟುಗೋಲು, ಹರಾಜು, ಹಂಚಿಕೆ ಎಂದು ಕಾಯ್ದೆಯ ದಾರಿ ಬಹಳ ಉದ್ದ. ಕರಪತ್ರ ಕೈಗೆ ಬಂದ ದಿನ ಮಾಡುವ ಹತ್ತು ನಿಮಿಷದ ಕೆಲಸ ಮತ್ತು ಕೊಲ್ಹಾಪುರಕ್ಕೆ ಒಂದು ಬಸ್ಸಿನ ಚಾರ್ಜು ಅದಕ್ಕಿಂತ ಅಗ್ಗ. "ಇವತ್ತೇ ಕಟ್ಟಿದರೆ ಮಾತ್ರ ಈ ದರ" ಎಂದು ಅವಸರ ಮಾಡುವವರಿಗೆ ಒಂದೇ ಮಾತು ಹೇಳಿರಿ: ನಂಬರು ಕೊಡ್ರಿ, ನೋಡಿ ನಾಳೆ ಹೇಳ್ತೀವಿ.